ಗಡಿಯಾರ ನೋಡಿ ಅಲ್ಲ, ಬೆಕ್ಕಿನ ಮುಖ ನೋಡಿ

ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದ ಬೆಕ್ಕು ಸಾಮಾನ್ಯವಾಗಿ ಕೂಗುವುದಿಲ್ಲ. ಕೇಜಿನ ಹಿಂಬದಿಯ ಮೂಲೆಗೆ ಸರಿದು, ಮೈ ಮುದುರಿಕೊಂಡು, ತಲೆ ತಗ್ಗಿಸಿ ಕೂತುಬಿಡುತ್ತದೆ. ನಾಯಿಯಾದರೆ ಕುಂಯ್‌ಗುಡುತ್ತದೆ, ಗಾಯದತ್ತ ತಿರುಗಿ ನೋಡುತ್ತದೆ, ಹತ್ತಿರ ಹೋದವರ ಕೈ ಹುಡುಕುತ್ತದೆ. ಬೆಕ್ಕು ಇದ್ಯಾವುದನ್ನೂ ಮಾಡದಿರುವುದರಿಂದ ಅದರ ಮೌನವನ್ನು ನಾವು ಆರಾಮ ಎಂದುಕೊಳ್ಳುತ್ತೇವೆ, ನೋವಿನ ಮದ್ದನ್ನು ಕೇಸ್ ಶೀಟಿನಲ್ಲಿ ಬರೆದಿಟ್ಟ ಗಂಟೆಗೆ ಸರಿಯಾಗಿ ಕೊಟ್ಟು ಮುಗಿಸುತ್ತೇವೆ. ಎಂಟು ಗಂಟೆಗೊಮ್ಮೆ ಎಂದು ಬರೆದಿದ್ದರೆ ಎಂಟು ಗಂಟೆಗೊಮ್ಮೆ. ಆದರೆ ಒಂದೇ ಮದ್ದು, ಒಂದೇ ಪ್ರಮಾಣ, ಒಂದು ಬೆಕ್ಕಿಗೆ ನಾಲ್ಕು ತಾಸು ಸಾಕಾಗುತ್ತದೆ, ಇನ್ನೊಂದಕ್ಕೆ ಎಂಟು ತಾಸು ಬರುತ್ತದೆ. ಈ ವ್ಯತ್ಯಾಸ ಗಡಿಯಾರಕ್ಕೆ ತಿಳಿಯುವುದಿಲ್ಲ. ಬೆಕ್ಕಿನ ಮುಖ ನೋಡಿದರೆ ತಿಳಿಯುತ್ತದೆ, ಆ ನೋಟವನ್ನು ಅಂಕಗಳಲ್ಲಿ ಹಿಡಿಯಬಹುದು, ಹಿಡಿದ ಅಂಕದ ಮೇಲೆ ಮದ್ದಿನ ಮುಂದಿನ ಹೆಜ್ಜೆಯನ್ನು ನಿರ್ಧರಿಸಬೇಕು ಎಂಬುದು ಈ ಲೇಖನದ ವಾದ. ಜೊತೆಗೆ ಇನ್ನೊಂದು ಮಾತು: ಮೊದಲ ಸಲ ಹಾಕಿದ ಅಂಕಕ್ಕಿಂತ, ಮದ್ದು ಕೊಟ್ಟ ಮೇಲೆ ಹಾಕುವ ಎರಡನೆಯ ಅಂಕ ಹೆಚ್ಚು ಮುಖ್ಯ.

ಮುಖ ನೋಡಿದರೆ ತಿಳಿಯುತ್ತದೆ ಎಂದು ಹೇಳುವುದು ಸುಲಭ. ಸುಮ್ಮನೆ ನೋಡಿದರೆ ತಿಳಿಯುವುದಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೋವಿದ್ದ ಮತ್ತು ನೋವಿಲ್ಲದ ಬೆಕ್ಕುಗಳ ಮುಖದ ಚಿತ್ರಗಳನ್ನು ಹಲವರಿಗೆ ತೋರಿಸಿ, ಯಾವುದಕ್ಕೆ ನೋವಿದೆ ಎಂದು ಕೇಳಿದ್ದರು. ಹೆಚ್ಚಿನವರು ಎಡವಿದರು. ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಬೆಕ್ಕುಗಳನ್ನು ಸರಿಯಾಗಿ ಗುರುತಿಸಿದವರು ಶೇ 13ರಷ್ಟು ಮಾತ್ರ. ಆದರೆ ಅದೇ ಚಿತ್ರಗಳ ಮೇಲೆ ಚುಕ್ಕೆಗಳನ್ನಿಟ್ಟು ದೂರಗಳನ್ನು ಅಳೆದಾಗ, ಕಿವಿಯ ಇರವು ಮತ್ತು ಮೂಗು-ಬಾಯಿಯ ಸುತ್ತಿನ ಆಕಾರ ಎರಡು ಗುಂಪುಗಳನ್ನು ಸ್ಪಷ್ಟವಾಗಿಯೇ ಬೇರ್ಪಡಿಸಿದವು. ಅಂದರೆ ಸುಳಿವು ಮುಖದಲ್ಲಿ ಇತ್ತು. ಎಲ್ಲಿ ನೋಡಬೇಕೆಂದು ಗೊತ್ತಿಲ್ಲದ ಕಣ್ಣಿಗೆ ಅದು ಸಿಗಲಿಲ್ಲ. ಒಟ್ಟು ಮುಖವನ್ನು ಒಮ್ಮೆಗೇ ನೋಡಿ ‘ಪಾಪ, ನೋವಿರಬೇಕು’ ಎನ್ನುವುದನ್ನು ಬಿಟ್ಟು, ಭಾಗ ಭಾಗವಾಗಿ ನೋಡುವ ಪಟ್ಟಿಯೊಂದು ಬೇಕು ಎಂಬುದು ಇದರಿಂದ ಖಚಿತವಾಯಿತು.

ಅಂಥ ಪಟ್ಟಿ ಮೊದಲು ಬಂದದ್ದು ಇಲಿಗಳಿಗೆ. ಕೆನಡಾದ ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಮೊಗಿಲ್ ಅವರ ತಂಡ 2010ರಲ್ಲಿ ಪ್ರಯೋಗಾಲಯದ ಇಲಿಗಳ ಮುಖಭಾವದಿಂದ ನೋವನ್ನು ಅಂಕಗಳಲ್ಲಿ ಅಳೆಯುವ ವಿಧಾನವನ್ನು ಪ್ರಕಟಿಸಿತು. ಮೊಲ, ಕುದುರೆಗಳಿಗೂ ಅದು ಹಬ್ಬಿತು. ಬೆಕ್ಕಿನ ಸರದಿ ಬಂದದ್ದು 2019ರಲ್ಲಿ, ಅದೇ ನಗರದ ಇನ್ನೊಂದು ವಿಶ್ವವಿದ್ಯಾಲಯದಿಂದ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಮರೀನಾ ಇವಾಂಜೆಲಿಸ್ತಾ, ಪೌಲೊ ಸ್ಟೀಗಲ್ ಮತ್ತು ಜೊತೆಗಾರರು ‘ಫೀಲೈನ್ ಗ್ರಿಮೇಸ್ ಸ್ಕೇಲ್’ ಎಂಬ ಮಾಪಕವನ್ನು ರೂಪಿಸಿದರು. ನೋವಿನಿಂದ ಆಸ್ಪತ್ರೆಗೆ ಬಂದ 35 ಸಾಕು ಬೆಕ್ಕುಗಳು ಮತ್ತು ನೋವಿಲ್ಲದ 20 ಬೆಕ್ಕುಗಳ ವಿಡಿಯೊಗಳಿಂದ ಚಿತ್ರಗಳನ್ನು ತೆಗೆದು, ಮುಖದ ಯಾವ ಯಾವ ಭಾಗ ಬದಲಾಗುತ್ತದೆ ಎಂದು ಹುಡುಕಿದರು. ಹೀಗೆ ಸಿಕ್ಕ ಅಂಕಗಳು ಬೆಕ್ಕಿನ ಇಡೀ ವರ್ತನೆಯನ್ನು ಗಮನಿಸುವ ಗ್ಲಾಸ್ಗೋ ಮಾಪಕದ ಅಂಕಗಳೊಂದಿಗೆ ಚೆನ್ನಾಗಿ ಹೊಂದಿಕೊಂಡವು. ಅದಕ್ಕಿಂತ ಮುಖ್ಯವಾಗಿ, ನೋವು ನಿವಾರಕ ಕೊಟ್ಟ ಮೇಲೆ ಅಂಕಗಳು ಇಳಿದವು. ಮಾಪಕ ಅಳೆಯುತ್ತಿರುವುದು ನೋವನ್ನೇ ಎನ್ನಲು ಇದಕ್ಕಿಂತ ಬಲವಾದ ಆಧಾರ ಸಿಗುವುದು ಕಷ್ಟ.

ನೋಡಬೇಕಾದ ಭಾಗಗಳು ಐದು: ಕಿವಿ, ಕಣ್ಣು, ಮೂತಿ, ಮೀಸೆ, ತಲೆ. ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕ. ಆರಾಮಾಗಿರುವ ಬೆಕ್ಕಿನ ಕಿವಿ ನೆಟ್ಟಗೆ ನಿಂತು ಮುಂದಕ್ಕೆ ತಿರುಗಿರುತ್ತದೆ. ನೋವು ಶುರುವಾದಾಗ ಎರಡು ಕಿವಿಗಳ ತುದಿಗಳು ಒಂದರಿಂದೊಂದು ಸ್ವಲ್ಪ ದೂರ ಸರಿಯುತ್ತವೆ; ಹೆಚ್ಚಾದಾಗ ಚಪ್ಪಟೆಯಾಗಿ ಹೊರಕ್ಕೆ ತಿರುಗಿಕೊಳ್ಳುತ್ತವೆ. ಕಣ್ಣು ಮೊದಲು ಅರ್ಧ ಮುಚ್ಚಿದಂತಾಗಿ, ಆಮೇಲೆ ಕಿರಿದಾಗಿ ಬಿಗಿಯುತ್ತದೆ. ಮೂತಿ ಗುಂಡಗೆ ಸಡಿಲವಾಗಿದ್ದದ್ದು ಬಿಗಿದು ಉದ್ದುದ್ದ ಅಂಡಾಕಾರಕ್ಕೆ ತಿರುಗುತ್ತದೆ. ಸಹಜವಾಗಿ ಬಾಗಿ ಇಳಿಬಿದ್ದಿರುವ ಮೀಸೆ ನೇರವಾಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ತಲೆ ಭುಜದ ಗೆರೆಗಿಂತ ಮೇಲಿದ್ದರೆ ಸೊನ್ನೆ, ಭುಜದ ಸಮಕ್ಕೆ ಬಂದರೆ ಒಂದು, ಅದಕ್ಕೂ ಕೆಳಗಿಳಿದರೆ ಅಥವಾ ಗದ್ದ ಎದೆಯತ್ತ ವಾಲಿದರೆ ಎರಡು. ಐದರಲ್ಲಿ ಕಿವಿ, ಕಣ್ಣು, ತಲೆಯ ವಿಷಯದಲ್ಲಿ ನೋಡುವವರು ಬೇಗ ಒಮ್ಮತಕ್ಕೆ ಬರುತ್ತಾರೆ. ಮೂತಿ ಮತ್ತು ಮೀಸೆ ಹೊಸಬರನ್ನು ಕಾಡುತ್ತವೆ. ಕಪ್ಪು ಬೆಕ್ಕಿನ ಮೂತಿಯನ್ನು ಮಬ್ಬು ಬೆಳಕಿನಲ್ಲಿ ಓದಲು ಪಳಗಿದವರೂ ಒದ್ದಾಡುತ್ತಾರೆ.

ಅಂಕ ಹಾಕುವ ಕ್ರಮ ಸರಳ, ಆದರೆ ಅದರಲ್ಲಿ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಕೇಜಿನ ಬಾಗಿಲು ತೆರೆಯಬಾರದು, ಹೆಸರು ಹಿಡಿದು ಕರೆಯಬಾರದು, ದೂರದಿಂದಲೇ ಅರ್ಧ ನಿಮಿಷದಷ್ಟು ನೋಡಬೇಕು. ಬೆಕ್ಕು ನಿದ್ದೆಯಲ್ಲಿದ್ದರೆ, ಮೈ ನೆಕ್ಕಿಕೊಳ್ಳುತ್ತಿದ್ದರೆ, ತಿನ್ನುತ್ತಿದ್ದರೆ, ಕೂಗುತ್ತಿದ್ದರೆ ಕಾಯಬೇಕು, ಯಾಕೆಂದರೆ ಈ ಕೆಲಸಗಳೇ ಮುಖದ ಆಕಾರವನ್ನು ಬದಲಿಸುತ್ತವೆ. ನಿದ್ದೆಯಲ್ಲಿರುವ ಬೆಕ್ಕಿಗೆ ಕಣ್ಣು ಮುಚ್ಚಿದ್ದಕ್ಕೆ ಎರಡು, ತಲೆ ಕೆಳಗಿದ್ದದ್ದಕ್ಕೆ ಎರಡು ಎಂದು ಕೊಟ್ಟುಬಿಟ್ಟರೆ ನಿಜದಲ್ಲಿ ಇಲ್ಲದ ನೋವನ್ನು ನಾವೇ ಸೃಷ್ಟಿಸಿದಂತೆ. ಯಾವುದಾದರೂ ಭಾಗ ಕಾಣದಿದ್ದರೆ ಊಹಿಸಿ ಅಂಕ ಕೊಡುವ ಬದಲು ಅದನ್ನು ಬಿಟ್ಟು, ಕಂಡ ಭಾಗಗಳ ಗರಿಷ್ಠ ಅಂಕದಿಂದ ಭಾಗಿಸಬೇಕು. ಐದೂ ಕಂಡರೆ ಹತ್ತರಿಂದ, ನಾಲ್ಕು ಕಂಡರೆ ಎಂಟರಿಂದ. ಉತ್ತರ 0.39 ಮೀರಿದರೆ, ಅಂದರೆ ಹತ್ತಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚಾದರೆ, ಹೆಚ್ಚುವರಿ ನೋವು ನಿವಾರಕದ ಬಗ್ಗೆ ಯೋಚಿಸಬೇಕು ಎಂಬುದು ಮಾಂಟ್ರಿಯಲ್ ತಂಡ ಗುರುತಿಸಿದ ಗಡಿ.

ಇದು ಮದ್ದಿನ ಲೆಕ್ಕವಾಗಿ ಹೇಗೆ ಬದಲಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಮೂರು ಕಿಲೋ ತೂಕದ, ಆರೋಗ್ಯವಾಗಿರುವ ಹೆಣ್ಣು ಬೆಕ್ಕೊಂದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಅದು ಬಂದಾಗಲೇ ಒಮ್ಮೆ ಅಂಕ ಹಾಕಲಾಗಿದೆ: ಕಿವಿಗೆ ಒಂದು, ಉಳಿದದ್ದೆಲ್ಲ ಸೊನ್ನೆ. ಹೊಸ ಜಾಗದ ಅಂಜಿಕೆಗೆ ಆ ಒಂದು ಅಂಕ. 10.45ಕ್ಕೆ ಅರಿವಳಿಕೆಗೆ ಮುಂಚೆ ಬುಪ್ರೆನಾರ್ಫಿನ್ ಇಂಜೆಕ್ಷನ್, ಕಿಲೋಗೆ 0.02 ಮಿಲಿಗ್ರಾಂನಂತೆ 0.06 ಮಿಲಿಗ್ರಾಂ, ಮಿಲಿಲೀಟರಿಗೆ 0.3 ಮಿಲಿಗ್ರಾಂ ಇರುವ ಆಂಪ್ಯೂಲಿನಿಂದ 0.2 ಮಿಲಿಲೀಟರ್. ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯೊಳಗೆ ಬುಪಿವಕೇನ್, ಕಿಲೋಗೆ 2 ಮಿಲಿಗ್ರಾಂನಂತೆ. ಮುಗಿಯುವಾಗ ಚರ್ಮದಡಿ ಮೆಲಾಕ್ಸಿಕ್ಯಾಮ್, ಕಿಲೋಗೆ 0.2 ಮಿಲಿಗ್ರಾಂ, ಒಂದೇ ಸಲ. ಮೂರೂ ಬೇರೆ ಬೇರೆ ಜಾಗದಲ್ಲಿ ನೋವಿನ ದಾರಿಯನ್ನು ತಡೆಯುತ್ತವೆ: ಬುಪಿವಕೇನ್ ನರದ ತುದಿಯಲ್ಲಿ, ಮೆಲಾಕ್ಸಿಕ್ಯಾಮ್ ಗಾಯದ ಉರಿಯೂತದಲ್ಲಿ, ಬುಪ್ರೆನಾರ್ಫಿನ್ ಬೆನ್ನುಹುರಿ ಮತ್ತು ಮಿದುಳಿನಲ್ಲಿ. 11.30ಕ್ಕೆ ಶ್ವಾಸನಾಳದ ಕೊಳವೆ ತೆಗೆಯಲಾಗಿದೆ. 12 ಗಂಟೆಗೆ ಬೆಕ್ಕು ಇನ್ನೂ ಮಂಪರಿನಲ್ಲಿದೆ. ಆ ಹೊತ್ತಿನ ಅಂಕಕ್ಕೆ ಬೆಲೆಯಿಲ್ಲ. 1 ಗಂಟೆಗೆ ಎಚ್ಚರವಾಗಿ ಎದೆಯ ಮೇಲೆ ಕೂತಿದೆ. ಕಿವಿ ಒಂದು, ಕಣ್ಣು ಒಂದು, ಉಳಿದದ್ದು ಸೊನ್ನೆ. ಹತ್ತಕ್ಕೆ ಎರಡು. ಇನ್ನೇನೂ ಮಾಡಬೇಕಿಲ್ಲ.

ಮಧ್ಯಾಹ್ನ 3 ಗಂಟೆಗೆ ಚಿತ್ರ ಬದಲಾಗಿದೆ. ಕಿವಿ ಹೊರಕ್ಕೆ ತಿರುಗಿ ಚಪ್ಪಟೆ, ಎರಡು. ಕಣ್ಣು ಅರ್ಧ, ಒಂದು. ಮೂತಿ ಸ್ವಲ್ಪ ಬಿಗಿ, ಒಂದು. ತಲೆ ಭುಜದ ಸಮಕ್ಕೆ, ಒಂದು. ಗಾಯ ನೆಕ್ಕದಂತೆ ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಕಾಲರ್ ಮೀಸೆಯನ್ನು ತಳ್ಳಿ ಹಿಡಿದಿರುವುದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗದು. ಎಂಟಕ್ಕೆ ಐದು, ಅಂದರೆ 0.63. ಗಡಿ ದಾಟಿದೆ. ಸಿರಿಂಜ್ ತೆಗೆಯುವ ಮುನ್ನ ಎರಡು ನಿಮಿಷ ಬೆಕ್ಕನ್ನು ಪರೀಕ್ಷಿಸಬೇಕು: ಮೂತ್ರಕೋಶ ತುಂಬಿದೆಯೇ, ಬ್ಯಾಂಡೇಜು ಬಿಗಿದಿದೆಯೇ, ಮೈ ತಣ್ಣಗಾಗಿದೆಯೇ, ಗಾಯದ ಸುತ್ತ ಮೆಲ್ಲಗೆ ಒತ್ತಿದರೆ ತಿರುಗಿ ಬೀಳುತ್ತದೆಯೇ. ಇದ್ಯಾವುದೂ ಬೇರೆ ಕಾರಣ ತೋರಿಸದಿದ್ದರೆ ಬುಪ್ರೆನಾರ್ಫಿನ್ ಮತ್ತೆ ಅಷ್ಟೇ ಪ್ರಮಾಣದಲ್ಲಿ. ಮೆಲಾಕ್ಸಿಕ್ಯಾಮ್ ಮತ್ತೆ ಕೊಡುವಂತಿಲ್ಲ. ಅದರ ಪಾಲು ಮುಗಿದಿದೆ, ಹೆಚ್ಚಾದದ್ದು ನೋವಿನ ಬದಲು ಮೂತ್ರಪಿಂಡವನ್ನು ಮುಟ್ಟುತ್ತದೆ. ಎಂಟು ಗಂಟೆಗೊಮ್ಮೆ ಎಂಬ ಬರಹವನ್ನೇ ಪಾಲಿಸಿದ್ದರೆ ಈ ಬೆಕ್ಕಿಗೆ ಎರಡನೆಯ ಇಂಜೆಕ್ಷನ್ ಸಿಗುತ್ತಿದ್ದದ್ದು ಸಂಜೆ 6.45ಕ್ಕೆ. ಕಾಲು ಗಂಟೆ ಕಡಿಮೆ ನಾಲ್ಕು ಗಂಟೆ ಅದು ಕೇಜಿನ ಮೂಲೆಯಲ್ಲಿ ನೋವು ನುಂಗಿಕೊಂಡು ಕೂತಿರುತ್ತಿತ್ತು, ಯಾರಿಗೂ ತಿಳಿಯದೆ.

ಇಲ್ಲಿಗೆ ನಿಲ್ಲಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಇಂಜೆಕ್ಷನ್ ಕೊಟ್ಟು ಸುಮಾರು ಮುಕ್ಕಾಲು ತಾಸಿನ ಮೇಲೆ ಮತ್ತೆ ನೋಡಬೇಕು, ಯಾಕೆಂದರೆ ಬುಪ್ರೆನಾರ್ಫಿನ್ ಹಿಡಿಯಲು ಅಷ್ಟು ಹೊತ್ತು ಬೇಕು. ಐದು ನಿಮಿಷಕ್ಕೇ ನೋಡಿ ‘ಕೆಲಸ ಮಾಡಲಿಲ್ಲ’ ಎಂದು ಇನ್ನೊಂದು ಮದ್ದು ಸೇರಿಸುವುದೂ ತಪ್ಪೇ. 3.45ಕ್ಕೆ ಅಂಕ 0.25ಕ್ಕೆ ಇಳಿದಿದ್ದರೆ ಎರಡು ಸಂಗತಿ ಒಟ್ಟಿಗೆ ಖಚಿತವಾದವು: ಆಗ ಕಂಡದ್ದು ನೋವೇ, ಈ ಬೆಕ್ಕಿಗೆ ಈ ಮದ್ದು ನಾಲ್ಕು ತಾಸಿನ ಆಸುಪಾಸಿನಲ್ಲಿ ಕರಗುತ್ತದೆ. ಮುಂದಿನ ಅಂಕ ಯಾವಾಗ ಹಾಕಬೇಕು ಎಂಬುದನ್ನು ಈಗ ಆ ಬೆಕ್ಕೇ ಹೇಳಿದಂತಾಯಿತು. ಇಳಿಯದೆ 0.6ರಲ್ಲೇ ನಿಂತಿದ್ದರೆ ಅದು ಇನ್ನೂ ದೊಡ್ಡ ಸುದ್ದಿ. ಮದ್ದು ಸಾಲದೆ ಇರಬಹುದು. ಆಗ ಬೇರೆ ದಾರಿಯಲ್ಲಿ ಕೆಲಸ ಮಾಡುವ ಮದ್ದನ್ನು, ಉದಾಹರಣೆಗೆ ಅರಿವಳಿಕೆಗೆ ಬೇಕಾದ್ದಕ್ಕಿಂತ ತುಂಬ ಕಡಿಮೆ ಪ್ರಮಾಣದ ಕೆಟಮಿನನ್ನು, ಸೇರಿಸುವ ಯೋಚನೆ ಬೇಕು. ಅಥವಾ ಹೊಟ್ಟೆಯೊಳಗೆ ಕಟ್ಟು ಜಾರಿ ರಕ್ತ ಸೋರುತ್ತಿರಬಹುದು. ಒಸಡಿನ ಬಣ್ಣ, ನಾಡಿಯ ವೇಗ, ಹೊಟ್ಟೆಯ ಉಬ್ಬು ನೋಡದೆ ನೋವಿನ ಮದ್ದನ್ನೇ ಏರಿಸುತ್ತ ಹೋದರೆ ಪ್ರಾಣಾಪಾಯ ಕೈತಪ್ಪಿ ಹೋಗುತ್ತದೆ. ಎರಡನೆಯ ಅಂಕ ಹಾಕದ ವೈದ್ಯರಿಗೆ ಈ ಎರಡು ಬೆಕ್ಕುಗಳ ನಡುವಿನ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಅಂಕ ಹಾಕುವುದು ಮನುಷ್ಯರೇ ಅಲ್ಲವೇ, ಒಬ್ಬರಿಗೆ ಒಂದಾಗಿ ಕಂಡದ್ದು ಇನ್ನೊಬ್ಬರಿಗೆ ಎರಡಾಗಿ ಕಾಣುವುದಿಲ್ಲವೇ ಎಂಬುದು. ಕಾಣುತ್ತದೆ. ಒಂದು ಅಂಕದ ಅರ್ಥವೇ ‘ಸ್ವಲ್ಪ ಇದೆ, ಅಥವಾ ಖಚಿತವಿಲ್ಲ’ ಎಂದು. ನಾಲ್ಕು ಭಾಗಗಳಲ್ಲಿ ಖಚಿತವಿಲ್ಲದೆ ಒಂದೊಂದು ಕೊಟ್ಟರೂ ಹತ್ತಕ್ಕೆ ನಾಲ್ಕಾಗಿ ಗಡಿ ದಾಟುತ್ತದೆ. ಇದನ್ನು ದೋಷ ಎನ್ನುವವರಿದ್ದಾರೆ. ಇಲ್ಲಿನ ತಪ್ಪು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಮೊದಲು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ನೋವಿಲ್ಲದ ಬೆಕ್ಕಿಗೆ ಒಂದು ಸಲ ಹೆಚ್ಚುವರಿ ಬುಪ್ರೆನಾರ್ಫಿನ್ ಸಿಕ್ಕರೆ ಅದು ಕೆಲವು ತಾಸು ಕಣ್ಣು ಅರಳಿಸಿಕೊಂಡು, ಕಂಬಳಿಯನ್ನು ಮುಂಗಾಲಿನಿಂದ ಒತ್ತುತ್ತ, ಕೇಜಿಗೆ ಕೆನ್ನೆ ಉಜ್ಜುತ್ತ ಇರುತ್ತದೆ. ನೋವಿರುವ ಬೆಕ್ಕಿಗೆ ಸಿಗದೆ ಹೋದರೆ ಅದು ನರಳುತ್ತದೆ, ಊಟ ಬಿಡುತ್ತದೆ. ಅನುಮಾನವಿದ್ದಾಗ ಕೊಟ್ಟು ನೋಡುವುದೇ ಸರಿ. ಅಂಕ ಇಳಿಯಿತೋ ಇಲ್ಲವೋ ಎಂಬುದು ಅನುಮಾನವನ್ನು ತೀರಿಸುತ್ತದೆ. ಒಬ್ಬರಿಂದೊಬ್ಬರಿಗೆ ಬರುವ ವ್ಯತ್ಯಾಸ ತಗ್ಗಿಸಲು ಒಂದು ಬೆಕ್ಕಿಗೆ ದಿನವಿಡೀ ಆದಷ್ಟು ಒಬ್ಬರೇ ಅಂಕ ಹಾಕುವುದು ಒಳ್ಳೆಯದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಭಯಪಟ್ಟ ಬೆಕ್ಕೂ ಕಿವಿ ಚಪ್ಪಟೆ ಮಾಡುತ್ತದೆ, ತಲೆ ತಗ್ಗಿಸುತ್ತದೆ. ಅರಿವಳಿಕೆಯ ಮಂಪರಿನಲ್ಲಿರುವ ಬೆಕ್ಕೂ ಕಣ್ಣು ಅರ್ಧ ಮುಚ್ಚುತ್ತದೆ. ಬೀದಿಯಿಂದ ಹಿಡಿದು ತಂದ ಬೆಕ್ಕುಗಳಲ್ಲಿ ಇದು ದಿನನಿತ್ಯದ ಗೊಂದಲ. ಬಿಡಿಸುವ ಎಳೆ ಸಾಮಾನ್ಯವಾಗಿ ಕಣ್ಣಿನಲ್ಲಿ ಸಿಗುತ್ತದೆ. ಹೆದರಿದ ಬೆಕ್ಕಿನ ಕಣ್ಣು ಅಗಲವಾಗಿ ತೆರೆದು ಪಾಪೆ ಅರಳಿರುತ್ತದೆ, ನೋವಿನ ಬೆಕ್ಕಿನ ಕಣ್ಣು ಕಿರಿದಾಗುತ್ತದೆ. ಆದರೆ ಪಾಪೆಯೊಂದನ್ನೇ ನೆಚ್ಚುವಂತಿಲ್ಲ. ಬುಪ್ರೆನಾರ್ಫಿನ್‌ನಂಥ ಮದ್ದುಗಳು ಬೆಕ್ಕಿನ ಪಾಪೆಯನ್ನು ತಾವೇ ಅರಳಿಸುತ್ತವೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಅಂಕ ಬೇಕು ಎನ್ನುವುದು ಇದೇ ಕಾರಣಕ್ಕೆ: ಬಂದಾಗಲೇ ಮೂರಿದ್ದ ಬೆಕ್ಕಿಗೆ ನಾಲ್ಕು ಬಂದರೆ ಒಂದು ಅರ್ಥ, ಸೊನ್ನೆಯಿದ್ದ ಬೆಕ್ಕಿಗೆ ನಾಲ್ಕು ಬಂದರೆ ಬೇರೆ ಅರ್ಥ. ಮಂಪರಿನ ವಿಷಯದಲ್ಲಿ ಮಾಂಟ್ರಿಯಲ್ ತಂಡವೇ 2020ರಲ್ಲಿ 65 ಹೆಣ್ಣು ಬೆಕ್ಕುಗಳ ಮೇಲೆ ಇನ್ನೊಂದು ಅಧ್ಯಯನ ಮಾಡಿತು. ಏಸ್‌ಪ್ರೊಮಜಿನ್ ಮತ್ತು ಬುಪ್ರೆನಾರ್ಫಿನ್ ಕೊಟ್ಟು ತರಿಸಿದ ಹಗುರ ಮಂಪರು ಅಂಕಗಳನ್ನು ಕೆಡಿಸಲಿಲ್ಲ. ಆದರೆ ಆ ಫಲಿತಾಂಶ ಆ ಮದ್ದುಗಳಿಗೆ ಮಾತ್ರ. ಕೆಟಮಿನ್ ಹೆಚ್ಚಾಗಿ ಬಳಸುವ ಕಡೆ ಬೆಕ್ಕು ಕಣ್ಣು ತೆರೆದೇ ಮಲಗಿರುತ್ತದೆ, ಆಗ ಕಣ್ಣಿಗೆ ಕೊಟ್ಟ ಸೊನ್ನೆ ನೋವಿಲ್ಲ ಎಂಬುದರ ಗುರುತಲ್ಲ, ಮದ್ದಿನ ಗುರುತು. ಅಂಥ ಕಡೆ ಬೆಕ್ಕು ಪೂರ್ತಿ ಎಚ್ಚರಗೊಂಡು ತಲೆ ಎತ್ತುವವರೆಗೆ ಅಂಕವನ್ನು ನಂಬಬಾರದು.

ಇನ್ನೊಂದು ಅಪಾಯವನ್ನು ಆಕ್ಷೇಪಿಸುವವರಿಗಿಂತ ಮಾಪಕವನ್ನು ಮೆಚ್ಚಿದವರೇ ತಂದುಕೊಳ್ಳುತ್ತಾರೆ. ಅಂಕ ನಾಲ್ಕು ದಾಟಿದರೆ ಮಾತ್ರ ಮದ್ದು ಎಂದು ಓದಿಕೊಂಡು, ಶಸ್ತ್ರಚಿಕಿತ್ಸೆಗೆ ಮುಂಚಿನ ಮತ್ತು ನಡುವಿನ ಮದ್ದುಗಳನ್ನು ಉಳಿಸಿಬಿಡುವುದು. ಗಡಿ ಇರುವುದು ಮೊದಲೇ ಕೊಟ್ಟ ಮದ್ದಿನ ಮೇಲೆ ಇನ್ನಷ್ಟು ಬೇಕೇ ಎಂದು ಕೇಳಲು. ಹೊಟ್ಟೆ ಕೊಯ್ದ ಪ್ರಾಣಿಗೆ ನೋವಾಗುತ್ತದೆ ಎಂದು ತಿಳಿಯಲು ಮುಖ ನೋಡಬೇಕಾಗಿಲ್ಲ. ಹಾಗೆಯೇ ಹತ್ತಕ್ಕೆ ಮೂರು ಬಂದ ಬೆಕ್ಕು ಗಾಯ ಮುಟ್ಟಿದರೆ ಕಚ್ಚಲು ಬರುತ್ತಿದ್ದರೆ, ಊಟ ಮೂಸಿಯೂ ನೋಡದಿದ್ದರೆ, ಅಂಕ ಏನೇ ಇರಲಿ ಅದಕ್ಕೆ ಮದ್ದು ಬೇಕು. ಮುಖದ ಮಾಪಕ ಗಾಯವನ್ನು ಮುಟ್ಟಿ ನೋಡುವುದಿಲ್ಲ, ನಡಿಗೆಯನ್ನು ನೋಡುವುದಿಲ್ಲ. ಆ ಕೆಲಸಕ್ಕೆ ಗ್ಲಾಸ್ಗೋ ಮಾಪಕ ಇದೆ, ಬ್ರೆಜಿಲ್‌ನಲ್ಲಿ ರೂಪಿಸಿದ ಬೊಟುಕಾಟು ಮಾಪಕ ಇದೆ. ಪರ್ಷಿಯನ್‌ನಂಥ ಚಪ್ಪಟೆ ಮೂತಿಯ ತಳಿಗಳಲ್ಲಿ ಮೂತಿ-ಮೀಸೆಯ ಅಂಕವನ್ನು ಎಚ್ಚರಿಕೆಯಿಂದ ಓದಬೇಕು. ತಿಂಗಳುಗಟ್ಟಲೆ ಕಾಡುವ ಕೀಲುನೋವಿಗೆ ಈ ಮಾಪಕ ರೂಪಿಸಿದ್ದೇ ಅಲ್ಲ.

ನಮ್ಮ ಕಡೆಯ ಕ್ಲಿನಿಕ್ಕುಗಳಿಂದ ಬರಬಹುದಾದ ಪ್ರಶ್ನೆ ಬೇರೆಯದು: ಬುಪ್ರೆನಾರ್ಫಿನ್ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿರುವ ಮದ್ದು, ಎಲ್ಲರ ಬಳಿಯೂ ಇರುವುದಿಲ್ಲ, ಅಂಕ ಏರಿದರೂ ಏರಿಸಲು ಏನಿದೆ? ಪ್ರಶ್ನೆ ನ್ಯಾಯವಾದದ್ದು. ಆದರೆ ಅದು ಅಂಕ ಹಾಕದಿರಲು ಕಾರಣವಾಗುವುದಿಲ್ಲ, ಇನ್ನೂ ಹೆಚ್ಚು ಹಾಕಲು ಕಾರಣವಾಗುತ್ತದೆ. ಟ್ರಮಡಾಲ್ ಇಂಜೆಕ್ಷನ್ ಬೆಕ್ಕಿನಲ್ಲಿ ನಾಯಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಬೆಕ್ಕಿನ ಯಕೃತ್ತು ಅದನ್ನು ನೋವು ತಡೆಯುವ ರೂಪಕ್ಕೆ ಹೆಚ್ಚು ಬದಲಿಸುತ್ತದೆ. ಬ್ಯುಟಾರ್ಫನಾಲ್ ಬೇಗ ಇಳಿದುಹೋಗುವ ಮದ್ದು. ಅದನ್ನು ಕೊಟ್ಟವರು ಒಂದೆರಡು ತಾಸಿನೊಳಗೆ ಮತ್ತೆ ಮುಖ ನೋಡಲೇಬೇಕು. ಬುಪಿವಕೇನ್, ಲಿಗ್ನೊಕೇನ್ ಅಂತೂ ಅಗ್ಗ, ಸುಲಭವಾಗಿ ಸಿಗುತ್ತವೆ. ಗಾಯದ ಅಂಚಿಗೂ ಹೊಟ್ಟೆಯೊಳಗೂ ತೂಕಕ್ಕೆ ತಕ್ಕ ಲೆಕ್ಕದಲ್ಲಿ ಬಿಟ್ಟರೆ ಮಧ್ಯಾಹ್ನದ ಅಂಕವೇ ಕೆಳಗಿರುತ್ತದೆ. ಸಮಯವಿಲ್ಲ ಎನ್ನುವವರಿಗೆ, ಇಡೀ ಕೆಲಸ ಒಂದು ಬೆಕ್ಕಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ತರಬೇತಿ ಪಡೆದ ಸಹಾಯಕರು ಇದನ್ನು ಮಾಡಬಲ್ಲರು. ಬೆಕ್ಕು ಸಾಕುವವರೂ ತಕ್ಕಮಟ್ಟಿಗೆ ಅಂಕ ಹಾಕಬಲ್ಲರು ಎಂದು 2021ರ ಅಧ್ಯಯನವೊಂದು ತೋರಿಸಿದೆ.

ಈ ಕೊನೆಯ ಮಾತು ಮುಖ್ಯ, ಯಾಕೆಂದರೆ ಸಂತಾನಹರಣವಾದ ಬೆಕ್ಕುಗಳಲ್ಲಿ ಹೆಚ್ಚಿನವು ಅದೇ ಸಂಜೆ ಮನೆಗೆ ಹೋಗುತ್ತವೆ. ಆಸ್ಪತ್ರೆಯ ಕೊನೆಯ ಅಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದು, ಐದು ಭಾಗಗಳ ಚಿತ್ರಪಟ್ಟಿಯನ್ನು ಜೊತೆಗೆ ಕೊಟ್ಟರೆ ಮನೆಯವರು ರಾತ್ರಿ ಮಲಗುವ ಮುನ್ನ ಮತ್ತು ಬೆಳಿಗ್ಗೆ ಎದ್ದ ಮೇಲೆ ದೂರದಿಂದ ನೋಡಿ ಬರೆದಿಡಬಹುದು. ಹತ್ತಕ್ಕೆ ನಾಲ್ಕು ಅಥವಾ ಹೆಚ್ಚು ಬಂದರೆ ಮುಖದ ಫೋಟೊ ಸಮೇತ ವೈದ್ಯರಿಗೆ ಫೋನ್ ಮಾಡಬೇಕು. ಮೆಲಾಕ್ಸಿಕ್ಯಾಮ್ ಮುಂದುವರಿಸುವ ವಿಷಯದಲ್ಲಿ ದೇಶ ದೇಶಕ್ಕೆ ನಿಯಮ ಬೇರೆ. ಯುರೋಪಿನಲ್ಲಿ ಇಂಜೆಕ್ಷನ್ ಆದ ಮೇಲೆ ದಿನಕ್ಕೊಮ್ಮೆ ಕಿಲೋಗೆ 0.05 ಮಿಲಿಗ್ರಾಂನಂತೆ ಕೆಲವು ದಿನ ಬಾಯಿಂದ ಕೊಡಲು ಅನುಮತಿಯಿದೆ. ಅಮೆರಿಕದ ಲೇಬಲ್ಲಿನಲ್ಲಿ ಬೆಕ್ಕಿಗೆ ಪದೇ ಪದೇ ಕೊಟ್ಟರೆ ಮೂತ್ರಪಿಂಡ ವೈಫಲ್ಯ, ಸಾವು ಸಂಭವಿಸಬಹುದೆಂಬ ಎಚ್ಚರಿಕೆಯಿದೆ. ಮನೆಯಲ್ಲಿರುವ ಮನುಷ್ಯರ ಮಾತ್ರೆ 7.5 ಅಥವಾ 15 ಮಿಲಿಗ್ರಾಂನದು, ಮೂರು ಕಿಲೋ ಬೆಕ್ಕಿಗೆ ಬೇಕಾದದ್ದು 0.15. ಮಾತ್ರೆಯನ್ನು ಕಣ್ಣಳತೆಯಲ್ಲಿ ಮುರಿದು ಕೊಡುವುದು ವಿಷ ಕೊಟ್ಟಂತೆಯೇ. ಪ್ಯಾರಾಸಿಟಮಾಲ್ ಅಂತೂ ಎಷ್ಟು ಸಣ್ಣ ಚೂರಾದರೂ ಕೊಡಕೂಡದು: ಬೆಕ್ಕಿನ ಯಕೃತ್ತಿಗೆ ಅದನ್ನು ಸುರಕ್ಷಿತವಾಗಿ ಕಳೆದುಕೊಳ್ಳುವ ಶಕ್ತಿ ತುಂಬ ಕಡಿಮೆ, ರಕ್ತ ಆಮ್ಲಜನಕ ಹೊರುವುದನ್ನು ನಿಲ್ಲಿಸುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ-ಪಾದ ಊದಿಕೊಳ್ಳುತ್ತವೆ. ಯಾರಾದರೂ ಕೊಟ್ಟಾಗಿದ್ದರೆ ಬೆಳಗಾಗುವವರೆಗೆ ಕಾಯದೆ, ಅಂಕ ನೋಡುತ್ತ ಕೂರದೆ, ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಕೊಟ್ಟ ಮಾತ್ರೆಯ ಹಾಳೆಯನ್ನು ಜೊತೆಗೆ ತೆಗೆದುಕೊಂಡು ಹೋದರೆ ವೈದ್ಯರಿಗೆ ಪ್ರಮಾಣ ತಿಳಿಯುತ್ತದೆ.